ಹಳದಿಗೂ ಹಸಿರಿಗೂ ನಡುವೆ: ಮನೆಯಲ್ಲಿ ಮೂತ್ರದ ಸ್ಟ್ರಿಪ್ ಬಳಸಿದ ಅನುಭವ

ಮಗಳಿಗೆ ನೆಫ್ರೋಟಿಕ್ ಸಿಂಡ್ರೋಮ್ ಇದೆ. ಕಿಡ್ನಿಯ ಜರಡಿ ಸಡಿಲವಾಗಿ ರಕ್ತದ ಪ್ರೋಟೀನು ಮೂತ್ರಕ್ಕೆ ಸೋರುವ ಕಾಯಿಲೆ. ಸ್ಟೀರಾಯ್ಡ್ ಮಾತ್ರೆಗೆ ಬಗ್ಗುತ್ತದೆ, ಆದರೆ ಮತ್ತೆ ಮತ್ತೆ ಮರುಕಳಿಸುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಸ್ಟ್ರಿಪ್ ಅದ್ದಿ ನೋಡಿ ಡೈರಿಯಲ್ಲಿ ಬರೆದಿಡಿ ಅಂತ ಡಾಕ್ಟರು ಹೇಳಿದರು. ಅವತ್ತಿನಿಂದ ಈ ಡಬ್ಬಿ ಮನೆಯಲ್ಲಿ ತಪ್ಪಿದ್ದೇ ಇಲ್ಲ. ಸ್ಟ್ರಿಪ್ ಅಂದರೆ ಒಂದು ಸಣ್ಣ ಪಟ್ಟಿ, ಅದರ ಮೇಲೆ ಪ್ರೋಟೀನು, ಸಕ್ಕರೆ, ರಕ್ತ ಹೀಗೆ ಒಂದೊಂದಕ್ಕೂ ಬಣ್ಣ ಬದಲಿಸುವ ಒಂದೊಂದು ಪ್ಯಾಡ್. ಆ ಬಣ್ಣವನ್ನು ಡಬ್ಬಿಯ ಚಾರ್ಟ್‌ಗೆ ಹೋಲಿಸಿ ನೆಗೆಟಿವ್, ಟ್ರೇಸ್ ಅಂದರೆ ಲೇಶಮಾತ್ರ, ಆಮೇಲೆ 1+, 2+, 3+ ಅಂತ ಓದುತ್ತೇವೆ.

ಮೊದಲು ಇಷ್ಟವಾದದ್ದು ಹೇಳುತ್ತೇನೆ. ಕಾಯಿಲೆ ಮರುಕಳಿಸಿದಾಗ ಕಣ್ಣಿನ ಸುತ್ತ ಊತ ಬರುವುದು ತಡವಾಗಿ. ಪ್ರೋಟೀನ್ ಪ್ಯಾಡ್ ಅದಕ್ಕಿಂತ ಮೊದಲೇ ಹಸಿರಾಗುತ್ತದೆ. ನಮಗೆ ಹೇಳಿರುವ ಲೆಕ್ಕ ಸರಳ. ಬೆಳಗಿನ ಮೂತ್ರದಲ್ಲಿ ಮೂರು ದಿನ ಸತತವಾಗಿ 3+ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮರುಕಳಿಸಿದೆ ಅಂತ. ಮೂರು ದಿನ ಸತತವಾಗಿ ನೆಗೆಟಿವ್ ಅಥವಾ ಟ್ರೇಸ್ ಬಂದರೆ ಹತೋಟಿಗೆ ಬಂದಿದೆ ಅಂತ. ಒಂದು ದಿನದ ಬಣ್ಣ ನೋಡಿ ಸ್ಟೀರಾಯ್ಡ್ ಶುರು ಮಾಡುವುದೂ ಇಲ್ಲ, ನಿಲ್ಲಿಸುವುದೂ ಇಲ್ಲ.

ನಮ್ಮ ಬೆಳಗಿನ ಕೆಲಸ ಹೀಗೆ. ಎದ್ದ ತಕ್ಷಣದ ಮೂತ್ರ, ಮೊದಲ ಹನಿಗಳನ್ನು ಬಿಟ್ಟು ಮಧ್ಯದ್ದು, ಒಣಗಿದ ಶುಭ್ರ ಲೋಟದಲ್ಲಿ. ಡಬ್ಬಿಯಿಂದ ಒಂದೇ ಸ್ಟ್ರಿಪ್ ತೆಗೆದು, ಅದ್ದುವುದಕ್ಕೂ ಮೊದಲೇ ಮುಚ್ಚಳ ಬಿಗಿ ಮಾಡುತ್ತೇನೆ. ಪ್ಯಾಡ್‌ಗಳಿಗೆ ತೇವ ಆಗಿಬರುವುದಿಲ್ಲ, ಒಳಗಿರುವ ತೇವ ಹೀರುವ ಪೊಟ್ಟಣವನ್ನು ಎಸೆಯಬಾರದು. ಸ್ಟ್ರಿಪ್ಪನ್ನು ಒಂದು ಸೆಕೆಂಡು ಅದ್ದಿ, ಲೋಟದ ಅಂಚಿಗೆ ಸವರುತ್ತಾ ಎತ್ತಿ, ಬದಿಯನ್ನು ಟಿಶ್ಯೂಗೆ ತಾಗಿಸಿ, ಅಡ್ಡಡ್ಡ ಹಿಡಿಯುತ್ತೇನೆ. ನೆಟ್ಟಗೆ ಹಿಡಿದರೆ ಒಂದು ಪ್ಯಾಡ್‌ನ ರಸ ಪಕ್ಕದ್ದಕ್ಕೆ ಇಳಿದು ಬಣ್ಣ ಕೆಡುತ್ತದೆ. ನಮ್ಮ ಡಬ್ಬಿಯ ಪ್ರಕಾರ ಸಕ್ಕರೆ 30 ಸೆಕೆಂಡಿಗೆ, ಪ್ರೋಟೀನು ಮತ್ತು ರಕ್ತ 60 ಸೆಕೆಂಡಿಗೆ ಓದಬೇಕು. ಎರಡು ನಿಮಿಷ ದಾಟಿದ ಮೇಲೆ ಕಾಣುವ ಬಣ್ಣಕ್ಕೆ ಬೆಲೆ ಇಲ್ಲ. ಓದುವುದು ಕಿಟಕಿಯ ಹಗಲು ಬೆಳಕಲ್ಲಿ. ಹಳದಿ ಬಲ್ಬಿನ ಕೆಳಗೆ ನೆಗೆಟಿವ್ ಯಾವುದು, ಟ್ರೇಸ್ ಯಾವುದು ಅಂತ ಹೇಳಲಾಗದು.

ಈಗ ತಕರಾರಿಗೆ ಬರುತ್ತೇನೆ. ಅದು ಪೂರ್ತಿ ಈ ಪ್ರೋಟೀನ್ ಪ್ಯಾಡ್‌ನದೇ.

ಈ ಪ್ಯಾಡ್‌ನಲ್ಲಿ ಒಂದು ಬಣ್ಣದ ಪದಾರ್ಥವನ್ನು ಹುಳಿ ಸ್ಥಿತಿಯಲ್ಲಿ, ಸುಮಾರು ಪಿಎಚ್ 3ರಲ್ಲಿ, ಕಟ್ಟಿಟ್ಟಿರುತ್ತಾರೆ. ಆಗ ಅದು ಹಳದಿ. ರಕ್ತದ ಮುಖ್ಯ ಪ್ರೋಟೀನಾದ ಆಲ್ಬುಮಿನ್ ಬಂದು ಅಂಟಿಕೊಂಡರೆ ಹಸಿರಾಗುತ್ತದೆ, ಜಾಸ್ತಿ ಇದ್ದರೆ ನೀಲಿಹಸಿರು. ಆ ಹುಳಿಯೇ ಕೆಟ್ಟರೆ ಪ್ರೋಟೀನು ಇಲ್ಲದಿದ್ದರೂ ಹಸಿರು. ಸ್ಟ್ರಿಪ್ಪನ್ನು ಮೂತ್ರದಲ್ಲೇ ಬಿಟ್ಟುಕೊಂಡು ಕೂತರೆ, ಅಥವಾ ಮೂತ್ರವೇ ತುಂಬಾ ಕ್ಷಾರವಾಗಿದ್ದರೆ ಹೀಗಾಗುತ್ತದೆ. ಕ್ಲೋರ್‌ಹೆಕ್ಸಿಡಿನ್‌ನಂಥ ಕ್ರಿಮಿನಾಶಕದ ಅಂಶ ಲೋಟದಲ್ಲಿ ಉಳಿದಿದ್ದರೂ ಸುಳ್ಳು ಹಸಿರು ಬರುತ್ತದೆ. ಇವನ್ನೆಲ್ಲ ಎಚ್ಚರ ವಹಿಸಿ ತಪ್ಪಿಸಬಹುದು. ತಪ್ಪಿಸಲಾಗದ್ದು ಇನ್ನೊಂದಿದೆ.

ದಿನಕ್ಕೆ ಎಷ್ಟು ಪ್ರೋಟೀನು ಸೋರಿತು ಅಂತ ಪ್ಯಾಡ್‌ಗೆ ಗೊತ್ತಾಗುವುದಿಲ್ಲ. ಈ ಲೋಟದಲ್ಲಿ ಎಷ್ಟು ಗಟ್ಟಿಯಾಗಿದೆ ಅಂತ ಮಾತ್ರ ಅದು ಹೇಳುತ್ತದೆ. ಕಡಿಮೆ ನೀರು ಕುಡಿದ ದಿನ ಮೂತ್ರವೇ ಗಟ್ಟಿ, ಜಾಸ್ತಿ ಕುಡಿದ ದಿನ ತೆಳು. ಎರಡು ಮಕ್ಕಳನ್ನು ಊಹಿಸಿಕೊಳ್ಳಿ. ಒಬ್ಬರ ಮೂತ್ರದಲ್ಲಿ ಡೆಸಿಲೀಟರಿಗೆ 30 ಮಿಲಿಗ್ರಾಂ ಪ್ರೋಟೀನು, ಸ್ನಾಯುಗಳಿಂದ ಬರುವ ಕಸವಾದ ಕ್ರಿಯಾಟಿನಿನ್ 200. ಪ್ಯಾಡ್ 1+ ತೋರಿಸುತ್ತದೆ. ಇನ್ನೊಬ್ಬರದ್ದು ಪ್ರೋಟೀನು 15, ಕ್ರಿಯಾಟಿನಿನ್ 30. ಪ್ಯಾಡ್ ಬರೀ ಟ್ರೇಸ್. ಚಾರ್ಟ್ ನೋಡಿದರೆ ಮೊದಲನೆಯವರದ್ದೇ ಚಿಂತೆ ಅನಿಸುತ್ತದೆ, ಅಲ್ವಾ? ಪ್ರೋಟೀನನ್ನು ಕ್ರಿಯಾಟಿನಿನ್‌ನಿಂದ ಭಾಗಿಸಿ ನೋಡಿ. ಮೊದಲನೆಯದು 0.15, ಎರಡನೆಯದು 0.5. ಎರಡು ವರ್ಷ ದಾಟಿದ ಮಕ್ಕಳಲ್ಲಿ ಈ ಅನುಪಾತ 0.2ಕ್ಕಿಂತ ಕಡಿಮೆ ಇರಬೇಕು. ಅಂದರೆ ಟ್ರೇಸ್ ಬಂದವರದ್ದೇ ಜಾಸ್ತಿ ಸೋರಿಕೆ. ಕ್ರಿಯಾಟಿನಿನ್ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೊರಹೋಗುವುದರಿಂದ ಅದರ ಜೊತೆ ತೂಗಿದರೆ ನೀರಿನ ಆಟ ಕಳೆದುಹೋಗುತ್ತದೆ. ಈ ತೂಕ ಲ್ಯಾಬಿನಲ್ಲಿ ಆಗಬೇಕು, ನಮ್ಮ ಸ್ಟ್ರಿಪ್‌ನಲ್ಲಿ ಕ್ರಿಯಾಟಿನಿನ್ ಪ್ಯಾಡ್ ಇಲ್ಲ.

ಅದಕ್ಕೇ ನಾನು ಪ್ರೋಟೀನಿನ ಪಕ್ಕದಲ್ಲೇ ಸ್ಪೆಸಿಫಿಕ್ ಗ್ರಾವಿಟಿ ಪ್ಯಾಡ್ ಏನು ಹೇಳಿತು ಅಂತಲೂ ಬರೆಯುತ್ತೇನೆ. 1.030 ಅಂದರೆ ಗಟ್ಟಿ, 1.005 ಅಂದರೆ ತೆಳು. ಇದು ಒರಟು ಅಳತೆ, ಆದರೂ ಉಪಯೋಗಕ್ಕೆ ಬರುತ್ತದೆ. ಒಮ್ಮೆ ಮಗಳಿಗೆ ಜ್ವರ ಬಂದಾಗ ಬೆಳಿಗ್ಗೆ 2+ ಕಂಡಿತು, ಗ್ರಾವಿಟಿ 1.030. ಜ್ವರ ಬಂದರೆ ಪ್ರೋಟೀನು ಸ್ವಲ್ಪ ಹೊತ್ತು ಏರುವುದುಂಟು. ಸೋಂಕಿನಿಂದಲೇ ಕಾಯಿಲೆ ಮರುಕಳಿಸುವುದೂ ಉಂಟು. ಫೋನ್ ಮಾಡಿದಾಗ ಡಾಕ್ಟರು, "ದಿನಾ ನೋಡ್ತಾ ಇರಿ, ಮೇಲೆ ಹೋದರೆ ಕರ್ಕೊಂಡು ಬನ್ನಿ" ಅಂದರು. ಮರುದಿನ 1+, ಜ್ವರ ಇಳಿದ ಮೇಲೆ ಟ್ರೇಸ್, ಆಮೇಲೆ ನೆಗೆಟಿವ್. ಆ ದಿನಗಳಲ್ಲಿ ಈ ಸ್ಟ್ರಿಪ್ ಬಗ್ಗೆ ಇದ್ದ ಸಿಟ್ಟು ನನಗೆ ಬಹಳ ಕಡಿಮೆಯಾಯಿತು. ಒಂದೊಂದು ಓದು ನಂಬಿಕೆಗೆ ಸಾಲದು, ಆದರೆ ಸಾಲಾಗಿ ಬರೆದಿಟ್ಟ ಓದುಗಳು ಸ್ಪಷ್ಟವಾಗಿ ಮಾತಾಡುತ್ತವೆ.

ಸಕ್ಕರೆ ಪ್ಯಾಡ್ ನಮಗೆ ಬೇಕಾದದ್ದು ಸ್ಟೀರಾಯ್ಡ್ ಇದ್ದಾಗ. ಸ್ಟೀರಾಯ್ಡ್ ರಕ್ತದ ಸಕ್ಕರೆ ಏರಿಸಬಹುದು. ಆದರೆ ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟುವ ತನಕ ಅದು ಮೂತ್ರಕ್ಕೆ ಇಳಿಯುವುದೇ ಕಡಿಮೆ, ಹಾಗಾಗಿ ಪ್ಯಾಡ್ ಸುಮ್ಮನಿದ್ದರೆ ಎಲ್ಲ ಸರಿ ಅಂತ ಅರ್ಥ ಅಲ್ಲ. ಇದಕ್ಕೆ ತದ್ವಿರುದ್ಧ ನಮ್ಮ ಮಾವನವರದ್ದು. ಅವರು ಡಯಾಬಿಟಿಸ್‌ಗೆ ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಾರೆ. ಆ ಮಾತ್ರೆಯ ಕೆಲಸವೇ ಸಕ್ಕರೆಯನ್ನು ಮೂತ್ರಕ್ಕೆ ತಳ್ಳುವುದು. ಗ್ಲೂಕೋಮೀಟರಿನಲ್ಲಿ ಸಕ್ಕರೆ ಚೆನ್ನಾಗಿದ್ದರೂ ಅವರ ಪ್ಯಾಡ್ ಗಾಢ ಕಂದು. ಆ ಗುಂಪಿನ ಮಾತ್ರೆ ತಿನ್ನುವವರು ಈ ಪ್ಯಾಡ್ ನೋಡಿ ಸಕ್ಕರೆ ಅಳೆಯುವಂತಿಲ್ಲ.

ರಕ್ತದ ಪ್ಯಾಡ್‌ನಲ್ಲಿ ನೋಡಬೇಕಾದ್ದು ಬಣ್ಣ ಹೇಗೆ ಹರಡಿದೆ ಅಂತ. ಹಳದಿ ಮೇಲೆ ಹಸಿರು ಚುಕ್ಕೆಗಳಿದ್ದರೆ ಇಡೀ ಕೆಂಪು ಕಣಗಳಿವೆ. ಇಡೀ ಪ್ಯಾಡ್ ಒಂದೇ ಸಮ ಹಸಿರಾದರೆ ಒಡೆದ ಕಣಗಳಿಂದ ಬಂದ ಹಿಮೋಗ್ಲೋಬಿನ್ ಇರಬಹುದು, ಸ್ನಾಯುವಿನಿಂದ ಬಂದ ಮಯೋಗ್ಲೋಬಿನ್ ಇರಬಹುದು, ಅಥವಾ ಕಣಗಳೇ ತುಂಬಾ ಇರಬಹುದು. ಯಾವುದು ಅಂತ ಪ್ಯಾಡ್ ಹೇಳದು, ಮೈಕ್ರೋಸ್ಕೋಪ್ ಬೇಕು. ಲೋಟದಲ್ಲಿ ಬ್ಲೀಚ್ ಉಳಿದಿದ್ದರೆ ರಕ್ತ, ಸಕ್ಕರೆ ಎರಡೂ ಇದ್ದಂತೆ ಕಾಣುತ್ತವೆ. ವಿಟಮಿನ್ ಸಿ ಜಾಸ್ತಿ ತಿಂದಿದ್ದರೆ ಎರಡೂ ಮರೆಯಾಗಬಹುದು. ಆ ಗುಳಿಗೆಗಳನ್ನು ಡಾಕ್ಟರಿಗೆ ಹೇಳದೆ ಕೊಡಬೇಡಿ, ಕೊಟ್ಟಿದ್ದರೆ ಡೈರಿಯಲ್ಲಿ ಬರೆಯಿರಿ.

ಖರ್ಚಿನ ಮಾತು. ದಿನಾ ನೋಡುವವರಿಗೆ ದೊಡ್ಡ ಡಬ್ಬಿ ಹೊಂದುತ್ತದೆ. ಅಪರೂಪಕ್ಕೆ ನೋಡುವವರು ಸಣ್ಣದು ಕೊಳ್ಳಿ, ಯಾಕೆಂದರೆ ಮುಚ್ಚಳ ತೆರೆದ ಮೇಲೆ ಬಾಳಿಕೆ ಇಳಿಯುತ್ತದೆ. ತೆರೆದ ತಾರೀಕನ್ನು ಡಬ್ಬಿಯ ಮೇಲೆಯೇ ಬರೆಯಿರಿ. ಒಣ ಸ್ಟ್ರಿಪ್‌ನ ಬಣ್ಣವೇ ಚಾರ್ಟ್‌ನ ನೆಗೆಟಿವ್‌ಗೆ ಹೊಂದದಿದ್ದರೆ ಆ ಡಬ್ಬಿ ಮುಗಿಯಿತು.

ಕಾಯಿಲೆ ಗೊತ್ತಾಗಿ, ಬದಲಾವಣೆ ಕಾಯುತ್ತಿರುವ ನಮ್ಮಂಥವರಿಗೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ, ಕೊಳ್ಳಿ. ಆದರೆ ಡಯಾಬಿಟಿಸ್ ಅಥವಾ ಬಿಪಿ ಇದ್ದು, ಕಿಡ್ನಿ ಹೇಗಿದೆ ನೋಡೋಣ ಅಂತ ಕೊಳ್ಳುವವರು ತಡೆಯಿರಿ. ಮೊದಲ ಹಂತದ ಸಣ್ಣ ಸೋರಿಕೆ ಈ ಪ್ಯಾಡ್‌ಗೆ ಸಿಗದೆ ನೆಗೆಟಿವ್ ಬರಬಹುದು. ನಿಮಗೆ ಬೇಕಾದದ್ದು ಲ್ಯಾಬಿನ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತದ ಪರೀಕ್ಷೆ.