ಬ್ಯಾಚ್ ಸರಿಪಡಿಸಬೇಕಾ, ಹಾಗೇ ಬಿಡಬೇಕಾ?

ರಕ್ತದ ಬಿಳಿಕಣಗಳನ್ನು ಎರಡು ಬೇರೆ ದಿನ, ಅಂದರೆ ಎರಡು ಬ್ಯಾಚ್‌ಗಳಲ್ಲಿ, ತಯಾರಿಸಿ ಸಿಂಗಲ್-ಸೆಲ್ ಸೀಕ್ವೆನ್ಸಿಂಗ್ ಮಾಡಿದ್ದೀರಿ ಅಂದುಕೊಳ್ಳಿ. ಕ್ಲಸ್ಟರ್ ಮಾಡಲು ಎರಡು ದಾರಿ: ಸಾವಿರಾರು ಜೀನ್‌ಗಳ ಮಾಹಿತಿಯನ್ನು ಕೆಲವೇ ಅಕ್ಷಗಳಿಗೆ ಇಳಿಸುವ ಪಿಸಿಎ ಆದಮೇಲೆ ನೇರವಾಗಿ, ಇಲ್ಲವೇ ನಡುವೆ ಬ್ಯಾಚ್ ವ್ಯತ್ಯಾಸ ಸರಿಪಡಿಸುವ ಹಾರ್ಮನಿ ಎಂಬ ಸಾಫ್ಟ್‌ವೇರ್ ಓಡಿಸಿ.

ನೇರ ದಾರಿಯಲ್ಲಿ ನಿಜವಾದ ವ್ಯತ್ಯಾಸ ಅಳಿಸಿಹೋಗುವುದಿಲ್ಲ. ಆದರೆ ಒಂದೇ ಬಗೆಯ ಟಿ ಕೋಶಗಳು ದಿನಕ್ಕೊಂದರಂತೆ ಎರಡು ಗುಂಪಾಗಬಹುದು. ಒಂದು ಗುಂಪಿನಲ್ಲಿ ಈ ಕೋಶಗಳ ಗುರುತಾದ CD4 ಜೀನ್ ಅಷ್ಟಾಗಿ ಕಾಣದಿದ್ದರೆ ಹೊಸ ಬಗೆಯ ಕೋಶ ಸಿಕ್ಕಿತು ಅನ್ನಿಸಿಬಿಡುತ್ತದೆ. ಮೋಸ ಆಗುವುದು ಇಲ್ಲೇ. ಟಿ ಕೋಶದಲ್ಲಿ CD4 ಆರ್‌ಎನ್‌ಎ ಕಡಿಮೆ. ಹಾಗಾಗಿ ಜೀನ್ ಕೆಲಸ ಮಾಡುತ್ತಿದ್ದರೂ ಎಷ್ಟೋ ಕೋಶಗಳಲ್ಲಿ ಸೊನ್ನೆ ಬರುತ್ತದೆ. ಇದೇ ಡ್ರಾಪ್‌ಔಟ್. ಆ ದಿನ ಸೀಕ್ವೆನ್ಸಿಂಗ್ ಆಳ ಕಡಿಮೆಯಿದ್ದರೆ ಸೊನ್ನೆ ಇನ್ನೂ ಜಾಸ್ತಿ. ಒಂದೇ ಜೀನ್ ನಂಬಬೇಡಿ. ಟಿ ಕೋಶದ ಬೇರೆ ಗುರುತು ಜೀನ್‌ಗಳಾದ CD3D, IL7R ಇವೆಯಾ, ಕೋಶಕ್ಕೆ ಒಟ್ಟು ಯುಎಂಐ, ಅಂದರೆ ಎಣಿಕೆಗೆ ಸಿಕ್ಕ ಆರ್‌ಎನ್‌ಎ ಅಣುಗಳು, ಎಷ್ಟು ಅಂತ ನೋಡಿ.

ಹಾರ್ಮನಿ ಪಿಸಿಎ ಕೊಟ್ಟ ಅಕ್ಷಗಳನ್ನಷ್ಟೇ ಹೊಂದಿಸುತ್ತದೆ, ಸೊನ್ನೆಗಳು ಹಾಗೇ ಉಳಿಯುತ್ತವೆ. ಜೀನ್ ಹೋಲಿಕೆಗೆ ಮೂಲ ಎಣಿಕೆಯನ್ನೇ ಬಳಸಿ.

ಎರಡೂ ದಿನ ರೋಗಿಗಳು, ಆರೋಗ್ಯವಂತರು ಇಬ್ಬರೂ ಇದ್ದರೆ ನನ್ನ ಆಯ್ಕೆ ಹಾರ್ಮನಿ. ಒಂದು ದಿನ ಬರೀ ರೋಗಿಗಳು, ಇನ್ನೊಂದು ದಿನ ಬರೀ ಆರೋಗ್ಯವಂತರಾದರೆ, ರೋಗದ ಪರಿಣಾಮವನ್ನು ದಿನದ ಪರಿಣಾಮದಿಂದ ಬೇರ್ಪಡಿಸಲು ಎರಡೂ ದಾರಿಗೆ ಆಗುವುದಿಲ್ಲ. ಆಗ ಪ್ರತಿ ದಿನವೂ ಇಬ್ಬರ ಮಾದರಿಗಳೂ ಇರುವಂತೆ ಹಂಚಿ ಪ್ರಯೋಗವನ್ನೇ ಮತ್ತೆ ಮಾಡಬೇಕು.