ಎಂಟು ಸಾವಿರದ ಚೆಕ್ ಎಂಬತ್ತು ಸಾವಿರ ಆಯಿತು, ಅದೂ ನನ್ನದೇ ಕೈಬರಹದಲ್ಲಿ

ಬರೆಯಲು ನಾಚಿಕೆಯಾಗುತ್ತದೆ. ನಾನು ಬಿ.ಕಾಂ. ಓದಿದವನು. ಊರು ಉಡುಪಿ, ಅಂದರೆ 1906ರಲ್ಲೇ ಒಂದು ಬ್ಯಾಂಕು, 1925ರಲ್ಲಿ ಇನ್ನೊಂದು ಬ್ಯಾಂಕು ಹುಟ್ಟಿದ ಊರು. ನಮ್ಮ ಕುಟುಂಬದಲ್ಲೇ ಮೂರು ಜನ ಬ್ಯಾಂಕಿನಲ್ಲಿದ್ದು ರಿಟೈರ್ ಆಗಿದ್ದಾರೆ. ಹಾಗಿದ್ದೂ ಒಂದು ಚೆಕ್ ಸರಿಯಾಗಿ ಬರೆಯಲು ಬರಲಿಲ್ಲ ನನಗೆ. ಎಪ್ಪತ್ತೆರಡು ಸಾವಿರ ಹೋಯಿತು. ನಿಮ್ಮದು ಹೋಗಬಾರದು ಅಂತ ಬರೆಯುತ್ತಿದ್ದೇನೆ. ಬ್ಯಾಂಕಿನ ಹೆಸರು, ಮನುಷ್ಯನ ಹೆಸರು ಕೇಳಬೇಡಿ. ಕಂಪ್ಲೇಂಟ್ ಇನ್ನೂ ನಡೀತಾ ಇದೆ.

ಮಳೆಗಾಲಕ್ಕೆ ಮೊದಲು ತಾರಸಿಗೆ ಶೀಟ್ ಹಾಕಿಸಬೇಕಿತ್ತು. ಪರಿಚಯದವರೊಬ್ಬರು ಒಬ್ಬ ಕಂಟ್ರಾಕ್ಟರನ್ನು ಕಳಿಸಿದರು. ಮಾತು ಒಳ್ಳೆಯದು, ಅಳತೆ ತೆಗೆದ, ರೇಟ್ ಹೇಳಿದ. (ಏಕವಚನ ಬರುತ್ತಿದೆ, ಇರಲಿ.) ಅಡ್ವಾನ್ಸ್ ಎಂಟು ಸಾವಿರ. ಫೋನಿನಲ್ಲೇ ಹಾಕುತ್ತೇನೆ ಅಂದೆ. "ಬೇಡ ಅಣ್ಣಾ, ಚೆಕ್ ಕೊಡಿ. ಶೀಟಿನ ಅಂಗಡಿಯವರಿಗೆ ಅದನ್ನೇ ಕೊಟ್ಟುಬಿಡ್ತೇನೆ, ನನಗೂ ಸುಲಭ ಆಗ್ತದೆ" ಅಂದ. ಚೆಕ್ ಆದರೆ ದಾಖಲೆ ಇರುತ್ತದೆ ಅಂತ ನನಗೂ ಅನಿಸಿತು. ದಾಖಲೆ!

ಚೆಕ್ ಪುಸ್ತಕ ತಂದೆ. ನನ್ನ ಪೆನ್ ಬರೆಯಲಿಲ್ಲ. ಅವನ ಜೇಬಿನಿಂದ ಪೆನ್ ತೆಗೆದು ಕೊಟ್ಟ. ಈ ಪೆನ್ನಿನ ವಿಷಯ ನೆನಪಿಟ್ಟುಕೊಳ್ಳಿ.

ನಾನು ಬರೆದದ್ದು ಹೀಗೆ. ಹೆಸರಿನ ಜಾಗದಲ್ಲಿ ಅವನ ಹೆಸರು. ಅದರ ಕೊನೆಯಲ್ಲಿ ಅಚ್ಚಾಗಿರುವ 'ಆರ್ ಬೇರರ್' ಅನ್ನೋದನ್ನು ಹಾಗೇ ಬಿಟ್ಟೆ. ಮೊತ್ತದ ಗೆರೆಯಲ್ಲಿ ಇಂಗ್ಲಿಷಿನಲ್ಲಿ 'ಏಯ್ಟ್', ಸ್ವಲ್ಪ ಜಾಗ, ಆಮೇಲೆ 'ಥೌಸಂಡ್'. ನನ್ನ ಕೈಬರಹವೇ ಹಾಗೆ, ಪದಗಳ ನಡುವೆ ಜಾಸ್ತಿ ಜಾಗ. ಕೊನೆಗೆ 'ಓನ್ಲಿ' ಇಲ್ಲ. ಚೌಕದಲ್ಲಿ 8000. ಕಾಮಾ ಇಲ್ಲ, ಕೊನೆಗೆ ಓರೆಗೀಟೂ ಇಲ್ಲ. ಎಡಮೂಲೆಯಲ್ಲಿ ಎರಡು ಗೀಟು ಎಳೆದೆ, ಸಹಿ ಹಾಕಿದೆ. ಕ್ರಾಸ್ ಮಾಡಿದ್ದೇನಲ್ಲ, ಇನ್ನೇನು ಭಯ ಅಂತ ನನ್ನ ಧೈರ್ಯ.

ಮೂರು ದಿನ ಕಳೆದು ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಮೊಬೈಲ್ ಒಮ್ಮೆ ಸದ್ದು ಮಾಡಿತು. ನೋಡಲಿಲ್ಲ. ಬ್ಯಾಂಕಿನದು ಅಂತ ಗೊತ್ತಾಯಿತು, ಸಾಲ ಬೇಕಾ ಅಂತ ದಿನಕ್ಕೆ ನಾಲ್ಕು ಬರ್ತವಲ್ವಾ. ಮನೆಗೆ ಬಂದು ಮೂರೂವರೆಗೆ ನೋಡಿದರೆ ಎರಡು ಮೆಸೇಜ್. ಮೊದಲನೆಯದು, ನಿಮ್ಮ ಇಂಥ ನಂಬರಿನ ಚೆಕ್ ಕ್ಲಿಯರಿಂಗಿಗೆ ಬಂದಿದೆ. ಎರಡನೆಯದು, 80,000 ರೂಪಾಯಿ ಕಡಿತ. ಸೊನ್ನೆ ಎಣಿಸಿದೆ. ಮತ್ತೆ ಎಣಿಸಿದೆ. ಹೆಂಡತಿಗೆ ಕೊಟ್ಟು ಎಣಿಸು ಅಂದೆ.

ಆ ಮೊದಲ ಮೆಸೇಜ್ ಎಲೆಯ ಮುಂದೆಯೇ ಓದಿದ್ದರೆ ಸ್ಟಾಪ್ ಪೇಮೆಂಟ್ ಕೊಡಲು ಸಮಯ ಇತ್ತು. ಹಿಂದೆ ಚೆಕ್ ಹಾಕಿದರೆ ಹಣ ಆಗಲು ಮರುದಿನ, ಅದರ ಮರುದಿನ ಅಂತಿತ್ತು. 2025ರ ಅಕ್ಟೋಬರಿನಿಂದ ಹಾಗಿಲ್ಲ. ಬೆಳಿಗ್ಗೆ ಹಾಕಿದ್ದು ಹೆಚ್ಚಾಗಿ ಸಂಜೆಯೊಳಗೆ ಮುಗಿಯುತ್ತದೆ. ನಮಗೆ ಸಿಗುವುದು ಕೆಲವು ಗಂಟೆ ಅಷ್ಟೇ. ಪಾಯಸಕ್ಕೆ ಕಾದು ಕೂತವನಿಗೆ ಅದೂ ಇಲ್ಲ.

ಮರುದಿನ ಬಾಗಿಲು ತೆರೆಯುವ ಮೊದಲೇ ಬ್ಯಾಂಕಿನ ಮುಂದೆ ನಿಂತಿದ್ದೆ. ಮ್ಯಾನೇಜರು ಕಂಪ್ಯೂಟರಿನಲ್ಲಿ ಚೆಕ್ಕಿನ ಫೋಟೋ ತೋರಿಸಿದರು. ಈಗ ಕಾಗದದ ಚೆಕ್ ನಮ್ಮ ಬ್ಯಾಂಕಿಗೆ ಬರುವುದಿಲ್ಲ. ಅದು ಹಣ ವಸೂಲಿಗೆ ಹಾಕಿದ ಬ್ಯಾಂಕಿನಲ್ಲೇ ಉಳಿಯುತ್ತದೆ, ನಮ್ಮವರಿಗೆ ಬರುವುದು ಬರೀ ಚಿತ್ರ. ಆ ಚಿತ್ರ ನೋಡಿದ ಕ್ಷಣ ಇದೆಯಲ್ಲ, ಅದನ್ನು ಹೇಗೆ ಹೇಳಲಿ. ಎಲ್ಲ ನನ್ನದೇ ಅಕ್ಷರ. ನನ್ನದೇ ಸಹಿ. 'ಏಯ್ಟ್' ಇತ್ತಲ್ಲ, ಅದರ ಕೊನೆಯ ಅಕ್ಷರಕ್ಕೆ ಅಂಟಿಕೊಂಡು ಒಂದು 'ವೈ'. ಅಷ್ಟೇ. ಒಂದೇ ಒಂದು ಅಕ್ಷರ. 'ಏಯ್ಟ್ ಥೌಸಂಡ್' ಇದ್ದದ್ದು 'ಏಯ್ಟಿ ಥೌಸಂಡ್' ಆಗಿದೆ. 8000ದ ಪಕ್ಕ ಒಂದು ಸೊನ್ನೆ. ಒಂದು ಅಕ್ಷರ, ಒಂದು ಸೊನ್ನೆ. ಅಳಿಸಿಲ್ಲ, ತಿದ್ದಿಲ್ಲ, ಶಾಯಿಯೂ ಬೇರೆ ಅಲ್ಲ. ಆಗ ಪೆನ್ ನೆನಪಾಯಿತು. ಬರೆದದ್ದು ಅವನ ಪೆನ್ನಿನಲ್ಲಿ. ಬರೆದಾದ ಮೇಲೆ ಪೆನ್ ಮರಳಿ ಅವನ ಜೇಬಿಗೆ. ಆ ಜೇಬಿನಲ್ಲೇ ಚೆಕ್ಕೂ.

"ಇದರಲ್ಲಿ ತಿದ್ದಿದ್ದು ನಿಮಗೆ ಕಾಣ್ತದಾ?" ಅಂತ ಮ್ಯಾನೇಜರು ನನ್ನನ್ನೇ ಕೇಳಿದರು. ಕಾಣುವುದಿಲ್ಲ. ನಿಜವಾಗಿ ನನಗೂ ಕಾಣುವುದಿಲ್ಲ. ಅದನ್ನೇ ಅವರು ಹಿಡಿದುಕೊಂಡರು. ಚೆಕ್ಕಿನ ಬಗ್ಗೆ ಇರುವ 1881ರ ಕಾಯ್ದೆಯಲ್ಲಿ 89ನೇ ಕಲಂ ಅಂತ ಒಂದುಂಟಂತೆ. ತಿದ್ದುಪಡಿ ಮೇಲ್ನೋಟಕ್ಕೆ ಕಾಣದಿದ್ದರೆ, ಬ್ಯಾಂಕು ಕ್ರಮ ತಪ್ಪದೆ ಹಣ ಕೊಟ್ಟಿದ್ದರೆ, ಹೊಣೆ ಅವರದಲ್ಲ. "ಜಾಗ ಬಿಟ್ಟದ್ದು ನೀವಲ್ವಾ ಸರ್" ಅಂದರು. ಮೆಲ್ಲಗೆ ಅಂದರು, ಆದರೂ ಅಂದರು.

ಪಾಸಿಟಿವ್ ಪೇ ಯಾಕೆ ಮಾಡಲಿಲ್ಲ ಅಂತ ಇನ್ನೊಂದು ಪ್ರಶ್ನೆ. ದೊಡ್ಡ ಚೆಕ್ ಕೊಟ್ಟಾಗ ಅದರ ನಂಬರು, ತಾರೀಕು, ಹೆಸರು, ಮೊತ್ತ ಇಷ್ಟನ್ನೂ ನಾವು ಮೊದಲೇ ಬ್ಯಾಂಕಿಗೆ ತಿಳಿಸಿಡುವ ಏರ್ಪಾಡು ಅದು, 2021ರ ಜನವರಿಯಿಂದ ಇದೆ, 50,000 ಮತ್ತು ಮೇಲಿನ ಚೆಕ್ಕುಗಳಿಗೆ. ಕೊಟ್ಟ ವಿವರ ತಾಳೆಯಾಗದಿದ್ದರೆ ಚೆಕ್ ನಿಲ್ಲುತ್ತದೆ. ನಾನು ಬರೆದದ್ದು ಎಂಟು ಸಾವಿರದ ಚೆಕ್ ಮಾರಾಯ್ರೆ! ಎಂಟು ಸಾವಿರಕ್ಕೆ ಯಾರು ತಿಳಿಸ್ತಾರೆ? ಅದು ಎಂಬತ್ತಾಗಿ ಬಂದಾಗ ತಾಳೆ ನೋಡಲು ಅವರ ಹತ್ತಿರ ನನ್ನ ವಿವರ ಇಲ್ಲ. ಐದು ಲಕ್ಷದ ಕೆಳಗೆ ಕಡ್ಡಾಯವೂ ಅಲ್ಲ ಅಂತ ಅವರೇ ಹೇಳಿದರು. ಮತ್ತೆ ಯಾಕೆ ಕೇಳಿದ್ದು?

ಈಗ ಕಂಟ್ರಾಕ್ಟರನ ಉತ್ತರ. ಆರನೇ ಸಲಕ್ಕೆ ಫೋನ್ ಎತ್ತಿದ. "ಅಣ್ಣಾ, ನಾನು ಅದನ್ನು ಅಂದೇ ಅಂಗಡಿಯವರಿಗೆ ಕೊಟ್ಟಿದ್ದೇನೆ. ನಾನೆಂತ ಮಾಡ್ಲಿಕ್ಕುಂಟು?" ಅಂಗಡಿಯವರು, "ನಾವು ಅದನ್ನು ಲೋಡ್ ತಂದವರಿಗೆ ಕೊಟ್ಟಿದ್ದು, ನಮ್ಮ ಅಕೌಂಟಿಗೆ ಬಂದೇ ಇಲ್ಲ, ಬೇಕಾದ್ರೆ ನೋಡಿ." ಹಣ ಬಿದ್ದದ್ದು ನಾನು ಹೆಸರೇ ಕೇಳದ ಒಬ್ಬನ ಖಾತೆಗೆ. ಅವನು ಅಂದೇ ತೆಗೆದಿದ್ದಾನೆ. ಮೂರು ಕೈ ದಾಟಿದ ಚೆಕ್, ಯಾವ ಕೈ ಆ 'ವೈ' ಬರೆದದ್ದು? ನನಗೆ ಪೆನ್ ಗೊತ್ತು. ಪೊಲೀಸರಿಗೆ ಪೆನ್ ಸಾಕ್ಷಿ ಅಲ್ಲ.

ಇಲ್ಲಿಯೇ ನನ್ನ ಆ ಎರಡು ಗೀಟಿನ ಬಂಡವಾಳ ಬಯಲಾಯಿತು. ಬರೀ ಎರಡು ಗೀಟು ಎಳೆದರೆ ಆಗುವುದು ಒಂದೇ ಕೆಲಸ: ಕೌಂಟರಿನಲ್ಲಿ ನಗದು ಕೊಡುವುದಿಲ್ಲ, ಯಾವುದಾದರೂ ಬ್ಯಾಂಕ್ ಖಾತೆಯ ಮೂಲಕವೇ ಹೋಗಬೇಕು. ಯಾರ ಖಾತೆ ಅಂತ ಆ ಗೀಟು ಹೇಳುವುದಿಲ್ಲ. ಪಕ್ಕದಲ್ಲಿ 'ಆರ್ ಬೇರರ್' ಹಾಗೇ ಇದೆಯಲ್ಲ, ಅಂದರೆ ತಂದವನಿಗೆ ಕೊಡಿ ಅಂತ ನಾನೇ ಹೇಳಿದ ಹಾಗೆ. ಕೈಯಿಂದ ಕೈಗೆ ಹೋಗಲು ಅದು ಸಾಕು. ಎರಡು ಗೀಟಿನ ನಡುವೆ 'ಅಕೌಂಟ್ ಪೇಯೀ ಓನ್ಲಿ' ಅಂತ ಬರೆದಿದ್ದರೆ ಕತೆಯೇ ಬೇರೆ. ಹೆಸರಿರುವವನ ಖಾತೆಗೆ ಬಿಟ್ಟು ಬೇರೆಯವರ ಖಾತೆಗೆ ಹಾಕಬಾರದು ಅಂತ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಆದೇಶವೇ ಇದೆ. ಹಾಗೆ ಬರೆದು ಬೇರರ್ ಅನ್ನೂ ಹೊಡೆದು ಹಾಕಿದ್ದರೆ, ಹಣ ಕಂಟ್ರಾಕ್ಟರನ ಖಾತೆಗೇ ಬೀಳಬೇಕಿತ್ತು. ಎಂಬತ್ತು ಸಾವಿರ ಆಗಿಯೇ ಬಿದ್ದಿದ್ದರೂ ಕುತ್ತಿಗೆ ಪಟ್ಟಿ ಹಿಡಿಯಲು ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ. ಅವನು "ಅಂಗಡಿಯವರಿಗೆ ಅದನ್ನೇ ಕೊಡ್ತೇನೆ" ಅಂದಾಗಲೇ ನನಗೆ ಹೊಳೆಯಬೇಕಿತ್ತು. ಅಕೌಂಟ್ ಪೇಯೀ ಬರೆದರೆ ಅದು ಆಗುವುದೇ ಇಲ್ಲ. ಅಂಗಡಿಗೆ ಕೊಡುವುದಾದರೆ ಅಂಗಡಿಯ ಹೆಸರಿಗೇ ಬರೆಯಬೇಕಿತ್ತು.

ಮೊತ್ತದ ವಿಷಯ. ಗೆರೆಯ ಎಡತುದಿಗೆ ತಾಗಿಸಿ ಶುರುಮಾಡಿ. ಪದಗಳನ್ನು ಒತ್ತಾಗಿ ಬರೆಯಿರಿ, ಮುಗಿದ ಕೂಡಲೇ 'ಓನ್ಲಿ', ಅಲ್ಲಿಂದ ಗೆರೆಯ ಕೊನೆತನಕ ಉದ್ದಕ್ಕೆ ಒಂದು ಗೀಟು. ಚೌಕದಲ್ಲಿ ರೂಪಾಯಿ ಚಿಹ್ನೆಗೆ ಅಂಟಿಸಿ 8,000/-. ಆ ಕಾಮಾ ಇದ್ದರೆ ಪಕ್ಕಕ್ಕೆ ಸೊನ್ನೆ ಹಾಕಿದವನ ಲೆಕ್ಕ 8,0000 ಆಗುತ್ತದೆ, ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಬರೆಯುವಾಗ ತಪ್ಪಿದರೆ ತಿದ್ದಿ ಪಕ್ಕದಲ್ಲಿ ಸಹಿ ಹಾಕುವ ಹಳೇ ಅಭ್ಯಾಸ ಬಿಡಿ. ಹೆಸರು, ಮೊತ್ತ ತಿದ್ದಿದ ಚೆಕ್ ಈಗ ಕ್ಲಿಯರಿಂಗಿನಲ್ಲಿ ನಡೆಯುವುದಿಲ್ಲ. ಹರಿದು ಬೇರೆ ಹಾಳೆ ತೆಗೆಯಿರಿ. ಪೆನ್ ನಿಮ್ಮದೇ ಇರಲಿ. ನಿಮ್ಮದೇ.

ಇದೆಲ್ಲ ಆದ ಮೇಲೆ ನಮ್ಮ ಚಿಕ್ಕಪ್ಪ, ರಿಟೈರ್ ಆದ ಬ್ಯಾಂಕಿನವರು, ಒಂದು ಮಾತು ಹೇಳಿದರು: "ಕನ್ನಡದಲ್ಲಿ ಬರೆದಿದ್ರೆ ಇದು ಆಗ್ತಿರಲಿಲ್ಲ ಮಾರಾಯ." ಚೆಕ್ಕನ್ನು ಕನ್ನಡದಲ್ಲಿ ಬರೆಯಬಹುದು, ಬ್ಯಾಂಕು ಬೇಡ ಅನ್ನುವ ಹಾಗಿಲ್ಲ. 'ಎಂಟು ಸಾವಿರ' ಬರೆದು ಯೋಚಿಸಿ ನೋಡಿ. ಅದನ್ನು 'ಎಂಬತ್ತು ಸಾವಿರ' ಮಾಡಲು ಕೊನೆಗೆ ಏನು ಸೇರಿಸಿದರೂ ಆಗುವುದಿಲ್ಲ, ನಡುವಿನ ಅಕ್ಷರವನ್ನೇ ಬದಲಿಸಬೇಕು. ಇಂಗ್ಲಿಷಿನಲ್ಲಿ ಎಂಟಕ್ಕೆ ಒಂದು ಅಕ್ಷರ ಸಾಕು, ಆರು, ಏಳಕ್ಕೆ ಎರಡು ಸಾಕು. ಆದರೆ ಕನ್ನಡದಲ್ಲಿ ಅಪಾಯ ಎಡಗಡೆ. ಮುಂದೆ ಜಾಗ ಬಿಟ್ಟರೆ 'ಒಂದು ಲಕ್ಷದ' ಅಂತ ಸೇರಿಸಿ, ಚೌಕದಲ್ಲೂ 8,000ದ ಎಡಕ್ಕೆ 1,0 ಹಾಕಿದರೆ ಮುಗಿಯಿತು, 1,08,000. ಚಿಕ್ಕಪ್ಪ ಇದನ್ನು ಪೇಪರಿನ ಮೇಲೆ ಬರೆದು ತೋರಿಸಿದರು. ಮೊದಲೇ ತೋರಿಸಬಾರದಿತ್ತಾ ಅಂತ ಸಿಟ್ಟು ಬಂತು. ಅವರೇನು ಮಾಡಬೇಕು, ನಾನು ಕೇಳಿದ್ದರಲ್ವಾ.

ಠಾಣೆಗೆ ದೂರು ಕೊಟ್ಟಿದ್ದೇನೆ. ಬ್ಯಾಂಕಿಗೂ ಬರಹದಲ್ಲಿ ಕೊಟ್ಟು, ಹಣ ವಸೂಲಿ ಮಾಡಿದ ಬ್ಯಾಂಕಿನಿಂದ ಮೂಲ ಚೆಕ್ ತರಿಸಿ ನೋಡಿ ಅಂತ ಕೇಳಿದ್ದೇನೆ. ಫೋಟೋದಲ್ಲಿ ಕಾಣದ್ದು ಕಾಗದದಲ್ಲಿ ಕಾಣಬಹುದು. ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ಹಾಕುವುದು. ಇಂದಿಗೆ ಹತ್ತೊಂಬತ್ತು ದಿನ.

ತಾರಸಿಗೆ ನೀಲಿ ಟಾರ್ಪಾಲು ಕಟ್ಟಿದ್ದೇವೆ. ನಿನ್ನೆ ಸಂಜೆ ಕಂಟ್ರಾಕ್ಟರ್ ತಾನಾಗಿ ಫೋನ್ ಮಾಡಿದ. ಹಣದ ಸುದ್ದಿ ಏನಾದರೂ ಇರಬಹುದು ಅಂತ ಓಡಿಹೋಗಿ ಎತ್ತಿದೆ. "ಅಣ್ಣಾ, ಶೀಟ್ ಬಂದಿದೆ. ಅಡ್ವಾನ್ಸ್ ನನಗೆ ಮುಟ್ಟಲೇ ಇಲ್ಲ ಅಲ್ವಾ, ಬೇರೆ ಒಂದು ಚೆಕ್ ಕೊಡ್ತೀರಾ?"