ಒಂದೇ ತಾರೀಕು, ಸರಾಸರಿ, ಸಿಮ್ಯುಲೇಷನ್: ಮೂರನ್ನೂ ಬಳಸಿ ನೋಡಿದ ಮೇಲೆ

ದಾವಣಗೆರೆಯ ನಮ್ಮ ಸಣ್ಣ ಆಫೀಸಿನಲ್ಲಿ ಈಗ ಡೆಲಿವರಿ ತಾರೀಕನ್ನು ಸಿಮ್ಯುಲೇಷನ್ ಮಾಡಿಯೇ ಹೇಳುತ್ತೇವೆ. ನನಗೆ ಇದೇ ಇಷ್ಟ, ಮೊದಲೇ ಹೇಳಿಬಿಡುತ್ತೇನೆ. ಒಂದು ಅಡಿಕೆ ಮಂಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವಾಗ ಮೂರು ದಾರಿಗಳನ್ನೂ ಒಂದೇ ಕೆಲಸದ ಮೇಲೆ ಹಚ್ಚಿ ನೋಡಿದೆ.

ಉಳಿದದ್ದು 36 ಟಾಸ್ಕ್. ಹಿಂದಿನ 12 ವಾರಗಳಲ್ಲಿ ವಾರವಾರ ಮುಗಿದದ್ದು ಇಷ್ಟು: 4, 6, 2, 5, 0, 7, 3, 5, 1, 6, 4, 5.

ಮೊದಲನೆಯದು ಅನುಭವದ ಅಂದಾಜು. "ಮನಸ್ಸು ಮಾಡಿದ್ರೆ ವಾರಕ್ಕೆ ಆರು ಆಗುತ್ತೆ, ಆರು ವಾರ ಸಾಕು" ಎಂದರು ನಮ್ಮ ಹುಡುಗರು. ಆರು ಅಥವಾ ಅದಕ್ಕಿಂತ ಜಾಸ್ತಿ ಮುಗಿದ ವಾರ 12ರಲ್ಲಿ ಮೂರೇ ಇವೆ. ಅಂಥವೇ ಸಾಲಾಗಿ ಬರಬೇಕು ಅಂದರೆ ಹೇಗೆ?

ಎರಡನೆಯದು ಸರಾಸರಿ. ಒಟ್ಟು 48, ವಾರಕ್ಕೆ 4, ಹಾಗಾದರೆ 9 ವಾರ. ಇದು ಸುಳ್ಳಲ್ಲ. ಆದರೆ ಆ ತಾರೀಕಿಗೆ ಕೆಲಸ ಮುಗಿಯುವುದು ಸುಮಾರು ಅರ್ಧಕ್ಕರ್ಧ ಸಲ ಮಾತ್ರ, ಮತ್ತು ಸರಾಸರಿ ಆ ಮಾತನ್ನು ಹೇಳುವುದೇ ಇಲ್ಲ.

ಮೂರನೆಯದು ಮಾಂಟೆ ಕಾರ್ಲೊ ಸಿಮ್ಯುಲೇಷನ್. ಆ 12 ವಾರಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದ ಹಾಗೆ. ಒಂದು ಚೀಟಿ ಎತ್ತಿ, ಅದರಲ್ಲಿದ್ದ ಸಂಖ್ಯೆಯನ್ನು 36ರಿಂದ ಕಳೆದು, ಚೀಟಿಯನ್ನು ವಾಪಸ್ ಹಾಕಬೇಕು. ಉಳಿದದ್ದು ಸೊನ್ನೆಯಾಗುವ ತನಕ ಎಷ್ಟು ಸಲ ಎತ್ತಿದೆವೋ ಅಷ್ಟು ವಾರ. ಇದನ್ನೇ ಹತ್ತು ಸಾವಿರ ಸಲ ಮಾಡುವುದು.

```
import random
vaara = [4,6,2,5,0,7,3,5,1,6,4,5]
def ondu_sala(ulida):
    n = 0
    while ulida > 0:
        ulida -= random.choice(vaara)
        n += 1
    return n
r = sorted(ondu_sala(36) for _ in range(10000))
print(r[5000], r[8500])
```

ಉತ್ತರ 9 ಮತ್ತು 11. ಅಂದರೆ 9 ವಾರಕ್ಕೆ ಅರ್ಧದಷ್ಟು ಭರವಸೆ, 11 ವಾರ ಕೇಳಿದರೆ ನೂರಕ್ಕೆ 85ರಷ್ಟು. ಹುಡುಗರು ಹೇಳಿದ 6 ವಾರದಲ್ಲಿ ಮುಗಿಯುವ ಸಾಧ್ಯತೆ ನೂರಕ್ಕೆ ಒಂದರ ಆಸುಪಾಸು.

ಆ ಸೊನ್ನೆ ದುಗ್ಗಮ್ಮನ ಜಾತ್ರೆಯ ವಾರದ್ದು. "ಅದನ್ನು ತೆಗೀರಿ ಸಾರ್, ಜಾತ್ರೆ ಪ್ರತಿ ವರ್ಷ ಬರಲ್ಲ" ಎಂದ ಒಬ್ಬ. ನಾನು ತೆಗೆಯಲಿಲ್ಲ. ಜಾತ್ರೆ ಬರದಿದ್ದರೆ ಮದುವೆ ಬರುತ್ತದೆ, ಜ್ವರ ಬರುತ್ತದೆ. ಕೆಟ್ಟ ವಾರಗಳನ್ನು ಆರಿಸಿ ತೆಗೆದರೆ ಸಿಮ್ಯುಲೇಷನ್ನೂ ಮೊದಲಿನ ಅಂದಾಜಿನ ಹಾಗೇ ಆಗುತ್ತದೆ.

ನಿಜವಾದ ಕಿರಿಕಿರಿ ಬೇರೆ ಕಡೆ ಇದೆ. ಅದು ಆ 36 ಎಂಬ ಸಂಖ್ಯೆ. ಅದು 36 ಆಗಿಯೇ ಉಳಿಯುವುದಿಲ್ಲ. "ತೂಕದ ಚೀಟಿ ಪ್ರಿಂಟ್" ಅಂತ ಒಂದೇ ಟಾಸ್ಕ್ ಬರೆದಿರುತ್ತೇವೆ. ಕೈಹಚ್ಚಿದ ಮೇಲೆ ಚೀಲದ ತೂಕ ಕಳೆಯುವುದು ಒಂದು, ಪ್ರಿಂಟರ್ ಸೈಜ್ ಇನ್ನೊಂದು, ಹಳೆಯ ಚೀಟಿ ಮತ್ತೆ ತೆಗೆಯುವುದು ಮತ್ತೊಂದು ಆಗುತ್ತದೆ. ಮುಗಿದದ್ದನ್ನು ಎಣಿಸುವಾಗ ಈ ಮೂರನ್ನೂ ಎಣಿಸುತ್ತೇವೆ. ಉಳಿದದ್ದನ್ನು ಎಣಿಸುವಾಗ ಮಾತ್ರ ಒಂದು ಎನ್ನುತ್ತೇವೆ. ಎರಡು ಕಡೆ ಎರಡು ಅಳತೆಯಾದರೆ ತಾರೀಕು ಯಾವಾಗಲೂ ಹತ್ತಿರವೇ ಕಾಣುತ್ತದೆ, ಅಲ್ವಾ?

ಇದು ಗೊತ್ತಾಗುವುದು ಹೀಗೆ: ವಾರವಾರ ಟಾಸ್ಕ್ ಮುಗಿಯುತ್ತಿರುತ್ತವೆ, ಆದರೆ ಪ್ರತಿ ಸೋಮವಾರ ಲೆಕ್ಕ ಓಡಿಸಿದಾಗ 85ರ ತಾರೀಕು ಮುಂದೆ ಮುಂದೆ ಹೋಗುತ್ತಿರುತ್ತದೆ. ಕೆಲಸ ನಿಧಾನ ಆಗಿಲ್ಲ, ಪಟ್ಟಿ ಬೆಳೆಯುತ್ತಿದೆ ಎಂದರ್ಥ.

ನಾನು ಹಳೆಯ ಕೆಲಸದ ಪಟ್ಟಿ ತೆಗೆದು ನೋಡಿದೆ. 30ರಿಂದ ಶುರುವಾದದ್ದು 37ಕ್ಕೆ ಮುಗಿದಿತ್ತು. ಅದೇ ಅನುಪಾತದಲ್ಲಿ 36 ಎಂದರೆ 44. ಕೋಡಿನಲ್ಲಿ 36ರ ಜಾಗದಲ್ಲಿ 44 ಹಾಕಿದರೆ 85ರ ಉತ್ತರ 11ರಿಂದ 13 ವಾರಕ್ಕೆ ಹೋಗುತ್ತದೆ. ಹೀಗೆ ಒಂದೇ ಸಂಖ್ಯೆ ಹಾಕುವುದು ಸ್ವಲ್ಪ ಒರಟು ಲೆಕ್ಕ. ಇನ್ನೂ ಚೆನ್ನಾಗಿ ಆಗಬೇಕೆಂದರೆ ಪ್ರತಿ ವಾರ ಮುಗಿದದ್ದರ ಪಕ್ಕದಲ್ಲೇ ಹೊಸದಾಗಿ ಸೇರಿದ ಟಾಸ್ಕ್‌ಗಳನ್ನೂ ಬರೆದಿಡಿ, ಚೀಟಿ ಎತ್ತುವಾಗ ಎರಡನ್ನೂ ಒಟ್ಟಿಗೆ ಎತ್ತಿ. ನಾವು ಈಗ ಅದನ್ನೂ ಬರೆದಿಡಲು ಶುರುಮಾಡಿದ್ದೇವೆ.

ಟಾಸ್ಕ್‌ಗಳೆಲ್ಲ ಒಂದೇ ಗಾತ್ರ ಇರಬೇಕಿಲ್ಲ. ಸಣ್ಣದು ದೊಡ್ಡದು ಹಿಂದೆ ಹೇಗೆ ಬೆರೆತಿತ್ತೋ ಮುಂದೆಯೂ ಹಾಗೇ ಬೆರೆತಿದ್ದರೆ ಸಾಕು. ಆದರೆ ನಾಲ್ವರಲ್ಲಿ ಇಬ್ಬರು ಬೆಂಗಳೂರಿಗೆ ಹೊರಟುಹೋದರೆ ಹಳೆಯ ವಾರಗಳು ಕೆಲಸಕ್ಕೆ ಬರುವುದಿಲ್ಲ.

ಮಂಡಿ ಸಾಹುಕಾರರಿಗೆ ನೂರಕ್ಕೆ 85 ಎಂದೆಲ್ಲ ಹೇಳಿದರೆ ಬೇಸರ. "ಒಂದು ತಾರೀಕು ಹೇಳ್ರೀ ಸಾಕು" ಎನ್ನುತ್ತಾರೆ. ಅವರಿಗೆ 13ನೇ ವಾರದ ಶನಿವಾರ ಎಂದೆ. ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಹೊಸ ಅಡಿಕೆ ಬರುವ ಮುಂಚೆಯೇ ಸಿಗುತ್ತದಲ್ಲ ಎಂದು ಒಪ್ಪಿದರು.

ನಮ್ಮಂಥ ಆಫೀಸಿಗೆ ದುಡ್ಡು ಕೊಟ್ಟು ಟೂಲ್ ತರುವ ಅಗತ್ಯ ಕಾಣಲಿಲ್ಲ. ಶನಿವಾರ ಸಂಜೆ ಒಂದು ಸಂಖ್ಯೆ ಬರೆದಿಡುವ ಅಭ್ಯಾಸ ನನಗೆ ಮೊದಲೇ ಇತ್ತು, ಅದೇ ಸಾಕಾಯಿತು. ಆ ಅಭ್ಯಾಸ ಇಲ್ಲದವರು ಸದ್ಯಕ್ಕೆ ಸರಾಸರಿಯ ಮೇಲೆ ಎರಡು ಮೂರು ವಾರ ಸೇರಿಸಿ ಹೇಳಿ, ಜೊತೆಗೆ ಇವತ್ತಿನಿಂದ ಬರೆಯಲು ಶುರುಮಾಡಿ. ನಾಲ್ಕೈದು ಟಾಸ್ಕಿನ ಸಣ್ಣ ಕೆಲಸ ಬಂದರೆ ನಾನು ಈಗಲೂ ಬಾಯಿಲೆಕ್ಕದಲ್ಲೇ ತಾರೀಕು ಹೇಳುತ್ತೇನೆ.